ಹನ್ನೊಂದನೇ ನಂಬರಿನ ಕಲಾವಿದರು

ಚನ್ನಪಟ್ಟಣದ ಕಲ್ಯಾಣ ಮಂಟಪವೊಂದರ ವಧುವಿನ ಕೋಣೆಯಲ್ಲಿ ನಯನ ತನ್ನ ಬೋರ್ಡಿನ ಮುಂದೆ ಕೂತು ಹಿಗ್ಗುತ್ತಿದ್ದಳು. ಮದುವೆಯಿಲ್ಲದ ತಿಂಗಳು ನೋಡಿ ಸಿನಿಮಾದವರು ಮಂಟಪ ಹಿಡಿದಿದ್ದರು. ಹಾಗಾಗಿ ಕನ್ನಡಿಗೆ ಯಾರೋ ಹಳೇ ಮದುಮಗಳು ಅಂಟಿಸಿಹೋದ ಬಿಂದಿ ಇನ್ನೂ ಇತ್ತು, ಅದರ ಪಕ್ಕದಲ್ಲೇ ನಯನಳ ಸ್ಟ್ರಿಪ್‌ಬೋರ್ಡು ನಿಂತಿತ್ತು.

ಬೋರ್ಡೆಂದರೆ ದೊಡ್ಡ ಮಾತೇನಲ್ಲ, ಯಾವ ದಿನ ಯಾವ ದೃಶ್ಯ ತೆಗೆಯಬೇಕೆಂಬ ಲೆಕ್ಕ. ಚಿತ್ರಕಥೆಯ ಒಂದೊಂದು ದೃಶ್ಯಕ್ಕೆ ಒಂದೊಂದು ರಟ್ಟಿನ ಪಟ್ಟಿ. ಹಗಲು ಮನೆಯೊಳಗಿನದಕ್ಕೆ ಬಿಳಿ, ಹಗಲು ಹೊರಗಿನದಕ್ಕೆ ಹಳದಿ, ರಾತ್ರಿ ಒಳಗಿನದಕ್ಕೆ ನೀಲಿ, ರಾತ್ರಿ ಹೊರಗಿನದಕ್ಕೆ ಹಸಿರು. ಪಟ್ಟಿಯ ಮೇಲೆ ದೃಶ್ಯದ ನಂಬರು, ಜಾಗ, ಪುಟವನ್ನು ಎಂಟು ಪಾಲು ಮಾಡಿದರೆ ಎಷ್ಟು ಪಾಲು, ಯಾವ ಯಾವ ನಂಬರಿನ ಕಲಾವಿದರು. ಒಂದು ದಿನದ ಕೆಲಸ ಮುಗಿದಲ್ಲಿ ಕಪ್ಪು ಪಟ್ಟಿ. ಕಥೆ ಯಾವ ಕ್ರಮದಲ್ಲಿದೆ ಅನ್ನೋದನ್ನು ಬೋರ್ಡು ಕೇಳುವುದೇ ಇಲ್ಲ. ಒಂದೇ ಜಾಗದಲ್ಲಿ ನಡೆಯುವುದೆಲ್ಲ ಒಂದು ಕಡೆ, ಅಷ್ಟೇ. ನಾಯಕ ಹುಟ್ಟುವ ಮೊದಲೇ ಅವನ ಮದುವೆ ಮುಗಿಸಿಬಿಡುವ ಧೈರ್ಯ ಈ ರಟ್ಟಿಗಿದೆ.

ಬೋರ್ಡಿನ ಪಕ್ಕ ಇನ್ನೊಂದು ಹಾಳೆ, ಡೇ ಔಟ್ ಆಫ್ ಡೇಸ್. ಅಡ್ಡಕ್ಕೆ ಹತ್ತು ದಿನ, ಉದ್ದಕ್ಕೆ ಕಲಾವಿದರು. ಕೆಲಸ ಶುರುವಾದ ದಿನ ಎಸ್‌ಡಬ್ಲ್ಯು, ಮುಂದಿನ ದಿನಗಳಿಗೆ ಡಬ್ಲ್ಯು, ಮುಗಿದ ದಿನ ಡಬ್ಲ್ಯುಎಫ್. ನಡುವೆ ಕೆಲಸವಿಲ್ಲದೆ ಕಲಾವಿದರನ್ನು ಸುಮ್ಮನೆ ಕೂರಿಸಿ ಊಟ ಹಾಕಬೇಕಾದ ದಿನಕ್ಕೆ ಎಚ್, ಹೋಲ್ಡು. ನಯನಳ ಹಾಳೆಯಲ್ಲಿ ಒಂದೇ ಒಂದು ಎಚ್ ಇರಲಿಲ್ಲ. ಒಂದನೇ ನಂಬರು, ನಾಯಕ ತನ್ವೀರ್, ಒಂದರಿಂದ ಆರನೇ ದಿನ. ಆಮೇಲೆ ಅವನಿಗೆ ಹೈದರಾಬಾದಿನಲ್ಲಿ ಬೇರೆ ಚಿತ್ರ. ಎರಡನೇ ನಂಬರು, ತಾಯಿ ಪಾತ್ರದ ಅಂಬಮ್ಮ, ನಾಲ್ಕರಿಂದ ಎಂಟು. ಇಬ್ಬರೂ ಸಿಗುವುದು ನಾಲ್ಕು, ಐದು, ಆರರಲ್ಲಿ ಮಾತ್ರ. ಅದಕ್ಕೇ ತಾಯಿ ಮಗನ ಹೊಂಗನೂರಿನ ಮನೆಯ ದೃಶ್ಯಗಳೆಲ್ಲ ಆ ಮೂರು ದಿನ. ಮೊದಲ ಮೂರು ದಿನ ಹಾರೋಹಳ್ಳಿ ಕಾರ್ಖಾನೆಯ ಗೇಟಿನಲ್ಲಿ ನಾಯಕ ಒಬ್ಬನೇ, ಏಳು ಎಂಟು ಮಾಗಡಿ ತೆಂಗಿನ ತೋಟದಲ್ಲಿ ತಾಯಿ ಒಬ್ಬಳೇ, ಕೊನೆಗೆ ಕನಕಪುರದಲ್ಲಿ ಸಂತೆಯ ಜನ.

ಇದೇ ಅವಳ ಮೊದಲ ಬೋರ್ಡು. ಏಳು ವರ್ಷ ಕ್ಲಾಪ್ ಹೊಡೆದವಳು. ನಿರ್ದೇಶಕ ಅನಂತರಾಜು ಒಂದೇ ಮಾತು ಹೇಳಿದ್ದರು: "ನಲವತ್ತೊಂದನೇ ಸೀನು ಸರಿಯಾಗಿ ಬಂದ್ರೆ ಮುಂದಿನ ಚಿತ್ರದ ಬೋರ್ಡೂ ನಿಂದೇ. ತಪ್ಪಿದ್ರೆ ಮತ್ತೆ ಕ್ಲಾಪು." ಅವಳಿಗೆ ಮುಂಚೆ ಬೋರ್ಡು ಮಾಡುತ್ತಿದ್ದವನು ಅನಂತರಾಜುವಿನ ಬಾಮೈದ ಬಾಲರಾಜು. ಹೋದ ಚಿತ್ರದಲ್ಲಿ ಮದುವೆ ದೃಶ್ಯ ಇಟ್ಟ ದಿನ ಮದುಮಗಳ ಪಾತ್ರದವಳನ್ನೇ ಕರೆಸಲು ಮರೆತಿದ್ದ ಮಹಾನುಭಾವ. ಈಗಲೂ ಬಾಗಿಲಲ್ಲಿ ನಿಂತು ಬಾಳೆಹಣ್ಣು ತಿನ್ನುತ್ತಾ, ಎಲ್ಲಿ ಎಡವುತ್ತಾಳೋ ಎಂದು ಕಾಯುತ್ತಿದ್ದ.

ನಲವತ್ತೊಂದನೇ ದೃಶ್ಯ ಆರನೇ ದಿನ. ರೇಷ್ಮೆಹುಳ ಮನೆಯೊಳಗೆ ತಾಯಿ ಮಗ ಸೊಪ್ಪು ಹಾಕುತ್ತಾರೆ, ಮಾತಿಲ್ಲ, ಹುಳ ಸೊಪ್ಪು ಕಡಿಯುವ ಸದ್ದೊಂದೇ. ಅನಂತರಾಜು ಈ ಚಿತ್ರಕ್ಕೆ ಕೈ ಹಾಕಿದ್ದೇ ಆ ಸದ್ದಿಗಾಗಿ. ಆ ದೃಶ್ಯದಲ್ಲಿ ಮಗ ಮೀಸೆ ಬೋಳಿಸಿರುತ್ತಾನೆ. ಅದಕ್ಕೂ ಲೆಕ್ಕ ಹಾಕಿದ್ದಳು ನಯನ. ಐದನೇ ದಿನದವರೆಗೆ ಮೀಸೆಯ ದೃಶ್ಯ, ಆಮೇಲೆ ಬೋಳು. ಅಂಟಿಸುವ ಮೀಸೆ ಆಗದು, ಆ ಗಮ್ ತಾಗಿದರೆ ತನ್ವೀರನ ತುಟಿ ಬದನೆಕಾಯಿಯಾಗುತ್ತದೆ.

ಎರಡನೇ ದಿನದ ಸಂಜೆ ಹುಳ ಮನೆಯ ಯಜಮಾನಿ ಚಿಕ್ಕಲಕ್ಷ್ಮಮ್ಮ ಮಂಟಪಕ್ಕೇ ಬಂದರು. ಬ್ಲೀಚಿಂಗ್ ಪೌಡರು ಕೊಳ್ಳಲು ಹೊಂಗನೂರಿಂದ ಬಸ್ಸು ಹತ್ತಿ ಬಂದವರು, ಹಾಗೇ ಸಿನಿಮಾದವರನ್ನೂ ನೋಡಿ ಹೋಗೋಣ ಎಂದು.

"ಏನವ್ವಾ ಇದು, ಜಮಖಾನ ನೇಯ್ತಾ ಇದೀಯಾ?" ಎಂದರು ಬೋರ್ಡು ನೋಡಿ.

ನಯನ ಹೆಮ್ಮೆಯಿಂದ ಎಲ್ಲ ವಿವರಿಸಿದಳು. ಎಚ್ ಅಂದರೇನು ಎಂದೂ ಹೇಳಿದಳು. ಚಿಕ್ಕಲಕ್ಷ್ಮಮ್ಮ ಹಾಳೆಯ ಮೇಲೆ ಬೆರಳಾಡಿಸಿ ಒಂದೊಂದೇ ಹೆಸರು ಓದಿಸಿಕೊಂಡರು.

"ಎಲ್ಲಾ ಐತೆ. ನಮ್ ಹುಳದ ಸಾಲು ಎಲ್ಲೈತೆ?"

"ಹುಳ ಕಲಾವಿದರಲ್ಲ ಅಮ್ಮಾ. ಅವು ನಿಮ್ಮ ಮನೆ ಜೊತೆಗೇ ಬರ್ತವೆ."

"ಬರ್ತವೆ, ಬರ್ತವೆ. ನೀ ಹೇಳೋ ಆರನೇ ದಿನ ಅವು ನಾಲ್ಕನೇ ಜ್ವರಕ್ಕೆ ಕೂತಿರ್ತವೆ ಕಣವ್ವಾ. ಐದನೇ ದಿನ ಸಂಜೆ ಕೂತ್ರೆ ಏಳನೇ ದಿನ ಬೆಳಿಗ್ಗೆಗೇ ಎದ್ದೇಳೋದು. ಅಲ್ಲೀಗಂಟ ಒಂದೆಲೇನೂ ಮುಟ್ಟಾಕಿಲ್ಲ. ತಲೆ ಎತ್ಕೊಂಡು ಸುಮ್ಕೆ ಕೂತಿರ್ತವೆ, ಪೊರೆ ಬುಡೋಗಂಟ."

ಜಾಗ ನೋಡಲು ಹೋದಾಗ ನಯನ ಮನೆ ಕೇಳಿದ್ದಳು, ಕರೆಂಟು ಕೇಳಿದ್ದಳು, ಲಾರಿ ತಿರುಗಲು ದಾರಿ ಕೇಳಿದ್ದಳು. ಹುಳವನ್ನು ಕೇಳಿರಲಿಲ್ಲ. ಅವಳು ಮಾಗಡಿ ಕಡೆಯ ಕುರಿ ಸಾಕುವ ಮನೆಯ ಮಗಳು. ಕುರಿಗೆ ಬೆಳಿಗ್ಗೆಯಿಲ್ಲ, ಸಂಜೆಯಿಲ್ಲ, ಬಾಯಿ ಮುಂದೆ ಹಸಿರು ಕಂಡರೆ ಕೆಲಸ ಶುರು. ತಿನ್ನುವುದಕ್ಕೂ ರಜೆ ಹಾಕುವ ಪ್ರಾಣಿ ಭೂಮಿಯ ಮೇಲೆ ಇದ್ದೀತೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಏಳನೇ ದಿನ ಎದ್ದಾಗ ತೆಗೀಬಹುದಲ್ಲ," ಎಂದ ಬಾಲರಾಜು, ಬಾಳೆಹಣ್ಣಿನ ಸಿಪ್ಪೆ ಹಿಡಿದು.

"ಆವಾಗ ತನ್ವೀರ್ ಇರಲ್ಲ," ಎಂದಳು ನಯನ.

"ಹಂಗಾದ್ರೆ ಬೋರ್ಡು ನಾನೇ ನೋಡ್ಕೋಬೇಕೇನೋ." ಅವನ ಮುಖದಲ್ಲಿ ಹಬ್ಬದ ಕಳೆ.

ಬೇರೆಯವರಾಗಿದ್ದರೆ ಅಳುತ್ತಿದ್ದರು. ನಯನಳಿಗೂ ಅಳು ಬಂದಿತ್ತು, ಆದರೆ ಈ ಸಿಪ್ಪೆಯ ಮುಂದೆ ಅಳುವುದೇ? ಅವಳು ಪೆನ್ನು ಹಿಡಿದು ಹಾಳೆಯ ಕೆಳಗೆ ಹೊಸ ಸಾಲು ಗೆರೆ ಎಳೆದಳು. ಹನ್ನೊಂದನೇ ನಂಬರು, ರೇಷ್ಮೆಹುಳ. ಹುಳ ತಿನ್ನುವ ದಿನ, ಕೂರುವ ದಿನ ಚಿಕ್ಕಲಕ್ಷ್ಮಮ್ಮ ಹೇಳುತ್ತಾ ಹೋದರು, ಅವಳು ಗುರುತು ಹಾಕುತ್ತಾ ಹೋದಳು. ಒಂದನೇ ನಂಬರು, ಎರಡನೇ ನಂಬರು, ಹನ್ನೊಂದನೇ ನಂಬರು, ಮೂವರೂ ಒಟ್ಟಿಗೆ ಸಿಗುವುದು ನಾಲ್ಕು ಮತ್ತು ಐದು ಮಾತ್ರ. ಆದರೆ ಮೀಸೆಯ ದೃಶ್ಯಗಳು ಮುಗಿಯದೆ ನಲವತ್ತೊಂದು ಆಗುವಂತಿಲ್ಲ. ಅವಳು ಪಟ್ಟಿಗಳನ್ನು ಕಿತ್ತಳು. ಮೀಸೆ ಬೇಕಾದ ಹನ್ನೆರಡನೇ ದೃಶ್ಯ ನಾಲ್ಕನೇ ದಿನಕ್ಕೆ ತುರುಕಿದಳು. ಐದನೇ ದಿನ ಬೆಳಿಗ್ಗೆ ಅಂಗಳದ ಜಗಳ, ಹದಿಮೂರನೇ ದೃಶ್ಯ, ಹಳದಿ ಪಟ್ಟಿ, ಮೀಸೆಯಲ್ಲಿ. ಮಧ್ಯಾಹ್ನ ಮೀಸೆ ಇಳಿಕೆ. ನಾಲ್ಕು ಗಂಟೆಗೆ ಸೊಪ್ಪು ಹಾಕುವ ಹೊತ್ತಿಗೆ ಬಿಳಿ ಪಟ್ಟಿ, ನಲವತ್ತೊಂದು. ಅದರಡಿಗೆ ಕಪ್ಪು ಪಟ್ಟಿ. ಹುಳ ಕಾಣದ, ಬೋಳು ತುಟಿಯ ದೃಶ್ಯಗಳು ಆರನೇ ದಿನಕ್ಕೆ.

"ಗಮ್ಮೆನ್ನೋ ವಾಸನೆ ಯಾವುದೂ ನನ್ ಹುಳದ ಮನೆ ಒಳಕ್ಕೆ ಬರಂಗಿಲ್ಲ. ಬೀಡಿ ಇಲ್ಲ, ಸೆಂಟಿಲ್ಲ, ಊದುಬತ್ತಿ ಇಲ್ಲ. ಬ್ಲೀಚಿಂಗ್ ಪೌಡರಿನ ನೀರಿಗೆ ಕಾಲು ಅದ್ದಿ ಬರಬೇಕು," ಎಂದು ಷರತ್ತು ಹಾಕಿ ಚಿಕ್ಕಲಕ್ಷ್ಮಮ್ಮ ಬಸ್ಸಿಗೆ ಹೋದರು. ನಾಯಕನೂ ಇಷ್ಟು ಷರತ್ತು ಹಾಕಿರಲಿಲ್ಲ.

ಐದನೇ ದಿನ. ಹದಿಮೂರನೇ ದೃಶ್ಯ ಒಂದು ಗಂಟೆಗೇ ಮುಗಿಯಿತೆಂದು ಎಲ್ಲರೂ ಅಂದುಕೊಂಡರು. ಮೇಕಪ್ಪಿನ ಶೋಯೆಬ್ ಜಗಲಿಯ ಮೇಲೆ ತನ್ವೀರನನ್ನು ಕೂರಿಸಿ ಕತ್ತಿ ತೆಗೆದ. ಆಗ ಚಿಕ್ಕಲಕ್ಷ್ಮಮ್ಮ ಹುಳ ಮನೆಯಿಂದ ಸೆರಗು ಕಟ್ಟಿಕೊಂಡು ಓಡಿಬಂದರು.

"ಸೆಕೆ ಜಾಸ್ತಿ ಆಗ್ಬುಟ್ಟು ಬೇಗ ಕೂರ್ತಾವೆ ಕಣವ್ವಾ! ಮೂರು ತಟ್ಟೆ ಹುಳ ಆಗ್ಲೇ ತಲೆ ಎತ್ಕೊಂಡವೆ. ಹಿಂದುಳಿದದ್ದು ಒಂದು ತಟ್ಟೆ ಮಾತ್ರ ಇನ್ನೂ ತಿಂತಾ ಐತೆ. ಇನ್ನೊಂದು ಗಂಟೆ, ಹೆಚ್ಚಂದ್ರೆ ಒಂದೂವರೆ."

"ಬೇಗ ಬೋಳ್ಸೋ ಶೋಯೆಬ್!" ಎಂದು ಕಿರುಚಿದರು ಅನಂತರಾಜು. ಶೋಯೆಬ್ ಎಡಗಡೆ ಬೋಳಿಸಿದ. ಅಷ್ಟರಲ್ಲಿ ಬಾಲರಾಜು ಕಾಗದ ಹಿಡಿದು ಬಂದ, ನಗು ತಡೆಯಲಾರದೆ.

"ಭಾವ, ಹದಿಮೂರಲ್ಲಿ ತಾಯಿಗೆ ಮಗ ಉತ್ತರ ಕೊಡೋ ಶಾಟು ಬಾಕಿ ಐತೆ. ಎಂಟರಲ್ಲಿ ಒಂದು ಪಾಲು."

ತನ್ವೀರ್ ಕನ್ನಡಿ ನೋಡಿಕೊಂಡ. ಬಲಕ್ಕೆ ಹುಲಿ, ಎಡಕ್ಕೆ ಇಲಿ. ಅವನು ಒಳ್ಳೆಯ ಹುಡುಗ. ಆದರೂ ಅವನ ಕಣ್ಣಲ್ಲಿ ನೀರು ಬಂತು. ನಯನಳಿಗೆ ಕ್ಲಾಪಿನ ಕಟ್ಟಿಗೆ ಅಂಗೈಗೆ ಒತ್ತಿದಂತಾಯಿತು.

ಅವಳು ಅವನ ಮುಖ ಹಿಡಿದು ಮೆಲ್ಲಗೆ ತಿರುಗಿಸಿದಳು, ಪೇಟೆಯಲ್ಲಿ ತೆಂಗಿನಕಾಯಿ ನೋಡುವಂತೆ. "ಸರ್, ತಾಯಿ ಮೇಲೆ ಸಿಟ್ಟು ತಾನೇ? ಸಿಟ್ಟು ಬಂದ ಮಗ ಮುಖ ತಿರುಗಿಸ್ತಾನೆ. ಬಲಗಡೆಯಿಂದ ತೆಗೀರಿ."

ಅನಂತರಾಜು ಕ್ಯಾಮೆರಾದವನಿಗೆ ಕೈ ಬೀಸಿದರು. ಕ್ಯಾಮೆರಾ ಬಲಕ್ಕೆ ಹೋಯಿತು. ತನ್ವೀರ್ ಅರ್ಧ ಮೀಸೆಯಲ್ಲಿ ಪೂರ್ತಿ ಸಿಟ್ಟು ಮಾಡಿದ. ಎದುರಿಗೆ ನಿಂತಿದ್ದ ಅಂಬಮ್ಮನಿಗೆ ಮಾತ್ರ ಇಡೀ ಮುಖ ಕಾಣುತ್ತಿತ್ತು. ನಲವತ್ತು ವರ್ಷ ರಂಗದ ಮೇಲೆ ನಿಂತ ಹೆಂಗಸು, ನಗು ತಡೆಯಲು ತುಟಿ ಕಚ್ಚಿ ಹಿಡಿದು ಗಳಗಳನೆ ಕಣ್ಣೀರು ಸುರಿಸಿದರು. ಅದನ್ನೇ ಕಂಡು ಅನಂತರಾಜು "ಎಂಥಾ ತಾಯಿ!" ಎಂದು ತಾವೂ ಕಣ್ಣೊರೆಸಿಕೊಂಡರು.

ಉಳಿದರ್ಧ ಇಳಿಸಿ, ಅಭ್ಯಾಸ ಬಲದಿಂದ ಶೋಯೆಬ್ ತನ್ವೀರನ ಕೆನ್ನೆಗೆ ಲೋಶನ್ ಬಡಿದೇಬಿಟ್ಟ. ಮೂರು ಮನೆಯಾಚೆಗೂ ಘಮ್ಮೆಂದಿತು. ಚಿಕ್ಕಲಕ್ಷ್ಮಮ್ಮ ನಾಯಕನ ಕತ್ತು ಹಿಡಿದು ತೊಟ್ಟಿಯ ಬಳಿ ಬಗ್ಗಿಸಿ, ಎರಡು ಚೊಂಬು ನೀರು ಸುರಿದು, ಹಿಡಿ ಹಿಪ್ಪುನೇರಳೆ ಸೊಪ್ಪಿನಲ್ಲಿ ಮುಖ ಉಜ್ಜಿದರು. "ಈಗ ಹೋಗಪ್ಪಾ, ಈಗ ನೀನು ನಮ್ಮೋನು," ಎಂದರು.

ಹುಳ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದರು. ತಾಯಿ ಮಗ ಸೊಪ್ಪು ಹರಡಿದರು. ಹಿಂದುಳಿದ ತಟ್ಟೆಯ ಹುಳಗಳು, ಊರೆಲ್ಲ ಮಲಗಿದ ಮೇಲೂ ತಿನ್ನುವ ಹೊಟ್ಟೆಬಾಕರು, ಚರಚರ ಚರಚರ ಶುರು ಮಾಡಿದವು. ಸದ್ದಿನವನು ಹೆಡ್‌ಫೋನ್ ಒತ್ತಿಕೊಂಡು ಹೆಬ್ಬೆರಳೆತ್ತಿದ. ಎರಡು ನಿಮಿಷ ಹತ್ತು ಸೆಕೆಂಡು. ಅದಾದ ಮೇಲೆ ಒಂದೊಂದೇ ತಲೆ ಎತ್ತಿತು, ಸದ್ದು ನಿಂತಿತು.

"ಓಕೆ," ಎಂದರು ಅನಂತರಾಜು, ಪಿಸುಮಾತಿನಲ್ಲಿ. ಹೊರಗೆ ಬಂದು ಬಾಮೈದನ ಕೈಗೆ ಕ್ಲಾಪ್ ಬೋರ್ಡು ಕೊಟ್ಟರು. "ಮುಂದಿನ ಚಿತ್ರದಿಂದ ಇದು ನಿಂದು ಕಣ್ಲಾ."

ನಯನ ಜಗಲಿಯ ಮೇಲೆ ಹಾಳೆ ಹರಡಿ ಹನ್ನೊಂದನೇ ಸಾಲಿನಲ್ಲಿ, ಐದನೇ ದಿನದ ಚೌಕದಲ್ಲಿ ಎಸ್‌ಡಬ್ಲ್ಯುಎಫ್ ಎಂದು ಬರೆದಳು. ಶುರುವಾದ ದಿನವೇ ಮುಗಿದ ಕೆಲಸ. ಚಿಕ್ಕಲಕ್ಷ್ಮಮ್ಮ ಪಕ್ಕದಲ್ಲಿ ಬಂದು ಕುಕ್ಕರಿಸಿದರು.

"ಎಲ್ಲಾರ್ದೂ ಸಾಲೈತೆ. ಹುಳಕ್ಕೂ ಆಯ್ತು. ನಿನ್ ಸಾಲು ಎಲ್ಲವ್ವಾ?"

"ಬೋರ್ಡು ಮಾಡೋರಿಗೆ ಸಾಲು ಇರಲ್ಲ ಅಮ್ಮಾ."

"ಉಣ್ಣೋದಾದ್ರೂ ಐತಾ? ಬೆಳಿಗ್ಗಿಂದ ನೋಡ್ತಾ ಇವ್ನಿ, ಬಾಯಿಗೆ ನೀರೂ ಹಾಕಿಲ್ಲ. ಜ್ವರಕ್ಕೆ ಕೂರೋವು ನಮ್ ಹುಳ ಮಾತ್ರ ಅಂದ್ಕೊಂಡಿದ್ದೆ."

ನಯನ ನಗಲು ಹೋದಳು. ಆಗಲಿಲ್ಲ. ಏಳು ವರ್ಷದಲ್ಲಿ ಯಾರೂ ಅವಳನ್ನು ಇದು ಕೇಳಿರಲಿಲ್ಲ.

ಚಿಕ್ಕಲಕ್ಷ್ಮಮ್ಮ ಪೆನ್ನು ಕಿತ್ತುಕೊಂಡು ಹುಳದ ಸಾಲಿನ ಕೆಳಗೆ ಸೊಟ್ಟಗೆ ಒಂದು ಗೆರೆ ಎಳೆದರು. "ಸುಮ್ಕೆ ಕೂರ್ಸಿ ಊಟ ಹಾಕೋ ದಿನಕ್ಕೆ ಅದೇನೋ ಹೇಳಿದ್ಯಲ್ಲ, ಎರಡು ಕಂಬ, ನಡುವೆ ಒಂದು ಅಡ್ಡ ಕಡ್ಡಿ. ಹಿಂಗಾ?"

"ಹಂಗೇ," ಎಂದಳು ನಯನ.

ಆಕೆ ಹೊಸ ಸಾಲಿನ ಐದನೇ ದಿನದಲ್ಲಿ ಅದನ್ನು ದೊಡ್ಡದಾಗಿ ಬರೆದು, ಒಳಗಿಂದ ಬಿಸಿ ಮುದ್ದೆ, ಅವರೆಕಾಳು ಸಾರಿನ ತಟ್ಟೆ ತಂದು ಮುಂದಿಟ್ಟರು. ಒಂದೂ ಎಚ್ ಇಲ್ಲವೆಂದು ನಯನ ಹೆಮ್ಮೆಪಟ್ಟಿದ್ದ ಹಾಳೆಯಲ್ಲಿ ಈಗ ಒಂದು ಎಚ್ ಇತ್ತು. ಅವಳು ಅದನ್ನು ಅಳಿಸಲಿಲ್ಲ. ಕೈ ತೊಳೆದುಕೊಂಡು ಊಟಕ್ಕೆ ಕೂತಳು.