ಮೂರೂ ಅಂಕಿ ಚೆನ್ನಾಗಿದ್ದ ಬ್ಯಾಂಕು

ನಮ್ಮ ಸಹಕಾರಿ ಬ್ಯಾಂಕಿನ ಲೆಕ್ಕ ವಿಭಾಗಕ್ಕೆ ನಾನು ಮುಖ್ಯಸ್ಥೆಯಾದ ವರ್ಷ ಮೂರೂ ಅಂಕಿಗಳು ಚೆನ್ನಾಗಿದ್ದವು. ವಸೂಲಾಗದ ಸಾಲ, ಎಲ್ಲರೂ ಎನ್‌ಪಿಎ ಎನ್ನುವುದು, ನೂರಕ್ಕೆ ನಾಲ್ಕು. ಬಡ್ಡಿಯ ಅಂತರ ಮೂರಕ್ಕೂ ಸ್ವಲ್ಪ ಮೇಲೆ. ಸಾಲಗಾರರಿಂದ ಬಂದ ಬಡ್ಡಿಯಲ್ಲಿ ಠೇವಣಿದಾರರಿಗೆ ಕೊಟ್ಟದ್ದನ್ನು ಕಳೆದರೆ, ದುಡಿಯುವ ಪ್ರತಿ ನೂರು ರೂಪಾಯಿಗೆ ನಮಗೆ ಉಳಿಯುವುದು ಇಷ್ಟು. ಇನ್ನು ಬಂಡವಾಳದ ಅನುಪಾತ ಹತ್ತೂವರೆ. ಅಪಾಯಕ್ಕೆ ತಕ್ಕಂತೆ ತೂಗಿದ ನೂರು ಸಾಲಕ್ಕೆ ನಮ್ಮದೇ ಸ್ವಂತ ಹಣ ಒಂಬತ್ತಾದರೂ ಇರಬೇಕು ಎನ್ನುತ್ತದೆ ನಿಯಮ. ಅರವತ್ತು ದಾಟಿದ ಮೇಲೂ ಸಕ್ಕರೆ ಇಲ್ಲ, ರಕ್ತದೊತ್ತಡ ಇಲ್ಲ, ಮಂಡಿನೋವೂ ಇಲ್ಲ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಬ್ಯಾಂಕಿಗೂ ಅರವತ್ತು ದಾಟಿತ್ತು.

ಮಂಡಿನೋವಿದ್ದದ್ದು ನನ್ನ ಅಕ್ಕನಿಗೆ. ನಾವಿಬ್ಬರೇ ಇರುವುದು, ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದಲ್ಲಿ. ಹೊಲಿಗೆ ಯಂತ್ರದ ಪೆಡಲ್ ತುಳಿದು ತುಳಿದು ಅಕ್ಕನ ಮಂಡಿ ಸವೆದುಹೋಗಿತ್ತು. ಕೊನೆಗೆ ಅಂಗಡಿ ಮಾರಿ ಆ ಹಣವನ್ನು ನಮ್ಮ ಬ್ಯಾಂಕಿನಲ್ಲಿಟ್ಟಿದ್ದಳು. ಪಕ್ಕದ ಬೀದಿಯಲ್ಲಿ ನೆಲಮಹಡಿಯ ಎರಡು ಕೋಣೆಯ ಮನೆಯೊಂದನ್ನು ನೋಡಿ ಮುಂಗಡ ಕೊಟ್ಟಾಗಿತ್ತು. ಬರುವ ತಿಂಗಳು ಪೂರ್ತಿ ಹಣ ಕಟ್ಟಿ ನೋಂದಣಿ ಮಾಡಿಸಬೇಕು. ಅಲ್ಲಿಯವರೆಗೆ ಅಕ್ಕ ಮನೆಯಿಂದ ಇಳಿಯುವುದೇ ಅಪರೂಪ. ಇಳಿದರೆ ಮತ್ತೆ ಹತ್ತಬೇಕಲ್ಲ.

ಅನುಮಾನ ಹುಟ್ಟಿದ್ದು ಬಡ್ಡಿಯ ಅಂತರದಿಂದ. ಎದುರು ರಸ್ತೆಗೆ ದೊಡ್ಡ ಬ್ಯಾಂಕೊಂದು ಬಂದಮೇಲೆ ನಾವು ಠೇವಣಿಯ ಬಡ್ಡಿ ಏರಿಸಿದ್ದೆವು. ಸಾಲದ ಬಡ್ಡಿಯನ್ನು ಏರಿಸಿರಲಿಲ್ಲ. ಹಾಲಿನ ಬೆಲೆ ಏರಿದರೂ ಲೋಟ ಚಹಾದ ಬೆಲೆ ಏರಿಸದ ಅಂಗಡಿಯವನಿಗೆ ಲಾಭ ಹೆಚ್ಚಾಯಿತು ಎಂದರೆ ಯಾರು ನಂಬುತ್ತಾರೆ? ನಮಗೆ ಹೆಚ್ಚಾಗಿತ್ತು. ಬಡ್ಡಿ ಯಾವಾಗ ಬಂತು ಎಂದು ಕಂಪ್ಯೂಟರಿನಲ್ಲಿ ತೆಗೆದು ನೋಡಿದೆ. ದೊಡ್ಡ ಪಾಲು ಬಂದದ್ದು ವರ್ಷದ ಕೊನೆಯ ವಾರ. ಅದೂ ಕೌಂಟರಿನಲ್ಲಿ ಯಾರೂ ಕಟ್ಟಿದ್ದಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿದ್ದು.

ಆಮೇಲೆ ಎಲ್ಲ ತಾನಾಗಿ ಬಿಚ್ಚಿಕೊಂಡಿತು. ಮರದ ಮಿಲ್ಲಿನವನು, ಪ್ರೆಸ್ಸಿನವನು, ಬಸ್ಸುಗಳ ಮಾಲೀಕ, ಹೀಗೆ ಎಂಬತ್ತು ತೊಂಬತ್ತು ಜನ. ಅವರೆಲ್ಲ ಕಂತು ಕಟ್ಟಿ ವರ್ಷಗಳಾಗಿದ್ದವು. ಮೂರು ತಿಂಗಳು ಕಟ್ಟದಿದ್ದರೆ ಆ ಸಾಲವನ್ನು ಕೆಟ್ಟದ್ದೆಂದು ಬರೆಯಬೇಕು. ಹಾಗೆ ಬರೆಯಬಾರದೆಂದು, ಬಾಕಿ ಬಿದ್ದ ಬಡ್ಡಿಯಷ್ಟೇ ಮೊತ್ತದ ಹೊಸ ಸಾಲವನ್ನು ವರ್ಷದ ಕೊನೆಯಲ್ಲಿ ಅವರಿಗೆ ಕೊಟ್ಟು, ಅದೇ ದಿನ ಅದನ್ನು ಹಳೆಯ ಬಡ್ಡಿಗೆ ಜಮಾ ಮಾಡಲಾಗಿತ್ತು. ಹೊಸ ಸಾಲ ಬಾಕಿಗಿಂತ ಒಂಚೂರು ಜಾಸ್ತಿ ಇತ್ತು. ಆ ಒಂಚೂರು ಯಾಕೆಂದು ನನಗೆ ಮಧ್ಯಾಹ್ನದವರೆಗೂ ಹೊಳೆಯಲಿಲ್ಲ.

ಅದು ಷೇರಿನ ಹಣ. ನಮ್ಮಂಥ ಬ್ಯಾಂಕಿನಲ್ಲಿ ಸಾಲ ಪಡೆಯುವವನು ಸದಸ್ಯನೂ ಆಗಬೇಕು. ಕೊಟ್ಟ ಪ್ರತಿ ನೂರರಲ್ಲಿ ಐದನ್ನು ಹಿಡಿದುಕೊಂಡು ಅವನ ಹೆಸರಿಗೆ ಷೇರು ಬರೆಯುತ್ತೇವೆ, ಆ ಷೇರು ಬ್ಯಾಂಕಿನ ಬಂಡವಾಳವಾಗುತ್ತದೆ. ಹಿರಿಯರು ಮಾಡಿದ ಒಳ್ಳೆಯ ಪದ್ಧತಿ. ಅದೇ ಪದ್ಧತಿಯಿಂದ ಒಂದೇ ಗುಳಿಗೆಗೆ ಮೂರು ರೋಗ ವಾಸಿಯಾಗಿದ್ದವು. ಹಳೆಯ ಸಾಲ ಚೊಕ್ಕವಾಗಿ ಎನ್‌ಪಿಎ ಇಳಿಯಿತು, ಬಡ್ಡಿ ಬಂದಂತಾಗಿ ಅಂತರ ಏರಿತು, ಷೇರು ಕೂಡಿ ಬಂಡವಾಳ ಬೆಳೆಯಿತು. ಮೂರಕ್ಕೂ ಹೋಗಿದ್ದು ಠೇವಣಿದಾರರ ಹಣ. ನಮ್ಮ ಬಾವಿಯಿಂದಲೇ ಸೇದಿ ನಮ್ಮ ಬಾವಿಗೇ ಸುರಿದು, ನೀರು ಹೆಚ್ಚಾಯಿತು ಎಂದು ಸಂತೋಷಪಟ್ಟಿದ್ದೆವು.

ಹೊಸದಾಗಿ ಲೆಕ್ಕ ಹಾಕಿದೆ. ಇನ್ನೂರು ಕೋಟಿ ಸಾಲದಲ್ಲಿ ಕೆಟ್ಟದ್ದು ಎಂಟು ಕೋಟಿಯಲ್ಲ, ನಲವತ್ತನಾಲ್ಕು. ನೂರಕ್ಕೆ ಇಪ್ಪತ್ತೆರಡು. ಕೈಗೆ ಬಾರದ ಬಡ್ಡಿಯನ್ನು ತೆಗೆದರೆ ಅಂತರ ಒಂದೂವರೆಗೆ ಬಂತು, ಸಂಬಳ ಬಾಡಿಗೆಗೂ ಸಾಲದು. ಕೆಟ್ಟ ಸಾಲಗಳಿಗೆ ನಷ್ಟದ ಮೀಸಲು ತೆಗೆದಿಡಬೇಕು. ಆ ಮೀಸಲನ್ನೂ, ಸುಳ್ಳು ಬಡ್ಡಿಯನ್ನೂ, ನಮ್ಮದೇ ಹಣದಲ್ಲಿ ಕೊಂಡ ಷೇರನ್ನೂ ಬಂಡವಾಳದಿಂದ ಕಳೆದಾಗ ಹತ್ತೂವರೆ ಇದ್ದದ್ದು ಮೂರಾಯಿತು. ನನಗೆ ಏನೂ ಅನ್ನಿಸಲಿಲ್ಲ. ಫ್ಯಾನಿನ ಸದ್ದು ಕೇಳುತ್ತಾ ಕೂತಿದ್ದೆ. ಯಾರೋ ಚಹಾ ಇಟ್ಟು ಹೋದರು, ಅದು ಕೆನೆ ಕಟ್ಟಿತು.

ನಮ್ಮ ಅಧ್ಯಕ್ಷರನ್ನು ಎಲ್ಲರೂ ಯಜಮಾನ್ರು ಎನ್ನುತ್ತಾರೆ. ಕಬ್ಬಿಣದ ಅಂಗಡಿ ಇಟ್ಟವರು, ಬ್ಯಾಂಕಿನ ಚಹಾವನ್ನೂ ಸ್ವಂತ ದುಡ್ಡಿನಲ್ಲಿ ಕುಡಿಯುವವರು. ಹಾಳೆಯನ್ನು ಅವರ ಮುಂದಿಟ್ಟೆ.

"ಬಡ್ಡಿ ಕಟ್ಟಿದ್ದಾರಲ್ಲಮ್ಮ," ಎಂದರು.

"ನಮ್ಮ ದುಡ್ಡಲ್ಲೇ ಕಟ್ಟಿದ್ದಾರೆ, ಯಜಮಾನ್ರೇ."

"ವ್ಯಾಪಾರ ಬಿದ್ದೋಗಿತ್ತು. ಸಾಲ ಕೆಟ್ಟಿದೆ ಅಂತ ಬರೆದ್ರೆ ಅವರಿಗೆ ಇನ್ಯಾರೂ ಒಂದು ಕಾಸೂ ಕೊಡಲ್ಲ. ಕಷ್ಟದಲ್ಲಿ ಕೈ ಬಿಡೋದಾದ್ರೆ ಸಹಕಾರಿ ಅಂತ ಬೋರ್ಡ್ ಯಾಕೆ ಹಾಕ್ಕೋಬೇಕು?"

"ಷೇರು ಯಾಕೆ ಹಿಡಿದ್ರಿ?"

"ಸಾಲ ಅಂದ್ಮೇಲೆ ಷೇರು ಹಿಡೀಬೇಕಲ್ಲ. ನಿಯಮ ಮೀರೋಕಾಗುತ್ತಾ?"

ನಿಜವಾಗಿಯೂ ಹಾಗೇ ನಂಬಿದ್ದರು. ಕದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಳ್ಳನಾದರೆ ಸಿಟ್ಟು ಮಾಡಿಕೊಂಡು ಹಗುರಾಗಬಹುದು.

"ಇದನ್ನ ಮೇಲಿನವರಿಗೆ ಕಳಿಸಿದ್ರೆ ಬ್ಯಾಂಕು ಮುಚ್ಚಿಸ್ತಾರೆ," ಎಂದರು.

"ಕಳಿಸದೇ ಇದ್ರೆ ಮುಂದಿನ ವರ್ಷ ಆ ಮೂರರಷ್ಟು ಬಂಡವಾಳವೂ ಉಳಿಯಲ್ಲ. ಆಗ ಮುಳುಗೋದು ಠೇವಣಿ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಒರೆಸುವುದು ಮುಗಿಯುವ ಹಾಗೆ ಕಾಣಲಿಲ್ಲ. ನಾನು ಎದ್ದು ಬಂದೆ.

ಲೆಕ್ಕಪರಿಶೋಧಕರಿಗೆ ನಾವಿಟ್ಟ ಹೆಸರು ಇಂಚುಪಟ್ಟಿ. ನೆಟ್ಟಗೆ ಕೂರುತ್ತಾರೆ, ನೆಟ್ಟಗೆ ಮಾತಾಡುತ್ತಾರೆ. ನನ್ನ ಹಾಳೆ ಹಿಡಿದು ಖಾತೆ ಖಾತೆಯನ್ನೂ ತಾಳೆ ನೋಡಿ, "ಸರಿಯಾಗಿದೆ," ಎಂದರು. "ವಾರದೊಳಗೆ ಮೇಲಕ್ಕೆ ಕಳಿಸೋಣ. ಅವರು ಹಣ ತೆಗೆಯೋದಕ್ಕೆ ಮಿತಿ ಹಾಕ್ತಾರೆ, ಅದು ಖಂಡಿತ. ಈಗ ವಿಷಯ ಗೊತ್ತಿರೋದು ಮೂರು ಜನಕ್ಕೆ. ನಾಳೆ ಅವರು ಮೊದಲು ನೋಡೋದೇ ನಮ್ಮನಮ್ಮ ಮನೆಯವರ ಖಾತೆ."

"ಗೊತ್ತು," ಎಂದೆ.

"ನಿಮ್ಮ ಮನೆಯವರದ್ದು ಇದೆಯಾ?"

"ಅಕ್ಕಂದು ಇದೆ."

ಅವರು ಕಡತ ಕಟ್ಟತೊಡಗಿದರು. ಎಷ್ಟು ಎಂದಾದರೂ ಕೇಳಬಹುದಿತ್ತು. ಠೇವಣಿಗೆ ವಿಮೆ ಇರುವುದು ಒಂದು ಮಿತಿಯವರೆಗೆ. ಅಕ್ಕನ ಹಣ ಆ ಮಿತಿಯನ್ನು ಯಾವಾಗಲೋ ದಾಟಿತ್ತು.

ಆ ವಾರದಲ್ಲೊಂದು ಬೆಳಿಗ್ಗೆ ಅಕ್ಕ ತಟ್ಟೆ ತೊಳೆಯುತ್ತಾ ಕೇಳಿದಳು, "ಆ ಮನೆ ಮಾರೋರು ಹೇಳ್ತಿದ್ರು, ಬೇಕಾದ್ರೆ ದುಡ್ಡು ಈಗ್ಲೇ ಕಟ್ಬಿಡಿ, ನೋಂದಣಿ ಆಮೇಲೆ ಮಾಡಿಸೋಣ ಅಂತ. ಕಟ್ಬಿಡ್ಲೇನೇ?"

ಒಂದು ಹೂಂ ಸಾಕಾಗಿತ್ತು. ನೋಂದಣಿಗೆ ಮೊದಲೇ ಯಾರಾದರೂ ಪೂರ್ತಿ ಹಣ ಕಟ್ಟುತ್ತಾರೆಯೇ ಎಂಬ ಬುದ್ಧಿವಾದವೂ ನಾಲಿಗೆಯ ತುದಿಯಲ್ಲೇ ಇತ್ತು. ಬೇರೆ ಯಾವ ದಿನವಾಗಿದ್ದರೂ ಅದನ್ನೇ ಹೇಳುತ್ತಿದ್ದೆ, ಅದು ಸರಿಯೂ ಆಗಿರುತ್ತಿತ್ತು. ಅವತ್ತು ಏನು ಹೇಳಿದರೂ ಬ್ಯಾಂಕಿನ ಗುಟ್ಟು ತಿಳಿದು ಹೇಳಿದ ಮಾತೇ ಆಗುತ್ತಿತ್ತು. ಇರುವ ನೀರಿನಲ್ಲಿ ಒಬ್ಬರು ಮೊದಲೇ ಕೊಡ ತುಂಬಿಕೊಂಡರೆ ಆ ಕೊಡ ಇನ್ನೊಬ್ಬರದ್ದು. ಸಾಲಿನಲ್ಲಿ ನಿಲ್ಲುವ ಠೇವಣಿದಾರರು ಎಂಟು ಸಾವಿರ ಜನ, ಅವರಿಗೆ ಬ್ಯಾಂಕಿನೊಳಗೆ ತಂಗಿಯರಿಲ್ಲ.

"ನಿನ್ನ ಇಷ್ಟ ಕಣೇ," ಎಂದೆ.

"ನೀನೇ ಬ್ಯಾಂಕಲ್ಲಿರೋಳು. ನನ್ನಿಷ್ಟ ಅಂದ್ರೆ?"

"ನನ್ನ ಕೇಳ್ಬೇಡ ಅಕ್ಕ."

ಅಕ್ಕ ನಕ್ಕಳು. "ಬಡ್ಡಿ ಹೋಗುತ್ತೆ ಅಂತ ನಿಂಗೆ ಹೊಟ್ಟೆ ಉರಿ. ಆಯ್ತು ಬಿಡು, ಅಲ್ಲೇ ಇರ್ಲಿ."

ಚಪ್ಪಲಿ ಮೆಟ್ಟಿಕೊಂಡೆ, ಮೆಟ್ಟಿಲಿಳಿದೆ, ಆಫೀಸಿಗೆ ಹೋಗಿ ಲೆಕ್ಕಕ್ಕೆ ಸಹಿ ಹಾಕಿದೆ. ಯಜಮಾನ್ರೂ ಹಾಕಿದರು.

ಆದೇಶ ಬಂದ ದಿನ ಹೊಸ ಸಾಲ ನಿಂತಿತು, ಹೊಸ ಠೇವಣಿ ನಿಂತಿತು. ಒಂದು ಖಾತೆಗೆ ಒಂದು ಸಣ್ಣ ಮೊತ್ತ ಮಾತ್ರ ಕೊಡಬೇಕೆಂದಾಯಿತು, ಅದು ಒಂದು ತಿಂಗಳ ಮನೆ ಖರ್ಚಿಗೆ ಸಾಕಾಗುವಷ್ಟು. ಶಟರ್ ಎತ್ತುವ ಮೊದಲೇ ಜನ ಬೀದಿಯ ತಿರುವಿನವರೆಗೆ ನಿಂತಿದ್ದರು. ಗುಮಾಸ್ತರು ಸಾಲದೆ ನಾನೂ ಕೌಂಟರಿನಲ್ಲಿ ಕೂತೆ. ಪ್ರತಿಯೊಬ್ಬರಿಗೂ ಅದೇ ಮಾತು ಹೇಳುತ್ತಿದ್ದೆ, ಬಾಯಿ ತನ್ನ ಪಾಡಿಗೆ ತಾನು ಹೇಳುತ್ತಿತ್ತು.

"ಇವರೆಲ್ಲ ತಮ್ಮದು ಮೊದಲೇ ಎತ್ಕೊಂಡಿರ್ತಾರೆ," ಎಂದ ಒಬ್ಬ. "ಒಳಗಿದ್ದೋರಿಗೆ ಗೊತ್ತಿರಲ್ವಾ?" ಎಂದ ಇನ್ನೊಬ್ಬ. ಮಾತು ಹಿಂದಕ್ಕೆ ಹರಿಯಿತು, ಜನ ಮುಂದಕ್ಕೆ ಒತ್ತಿಕೊಂಡು ಬಂದರು. ಕೌಂಟರಿನ ಗಾಜಿಗೆ ಯಾರದೋ ಅಂಗೈ ಬಡಿಯಿತು.

ಆಗ ಸಾಲಿನ ನಡುವಿನಿಂದ ಅಕ್ಕನ ದನಿ ಕೇಳಿತು. ಅವಳು ಬಂದದ್ದು ನನಗೆ ಗೊತ್ತೇ ಇರಲಿಲ್ಲ. ಗೋಡೆಗೆ ಒರಗಿ ನಿಂತಿದ್ದಳು.

"ಅಲ್ಲಿ ಕೂತಿರೋಳು ನನ್ನ ತಂಗಿ. ನನ್ನ ಮನೆ ದುಡ್ಡು ಪೂರ್ತಿ ಒಳಗೇ ಇದೆ. ಹೋದ್ವಾರ ತೆಗೀಲಾ ಅಂತ ಕೇಳ್ದೆ, ಬಾಯಿ ಬಿಡ್ಲಿಲ್ಲ. ಅವಳು ಯಾರಿಗೂ ಹೇಳಿಲ್ಲ."

ಅಂಗೈ ಗಾಜಿನಿಂದ ಇಳಿಯಿತು. ಸಾಲು ಮತ್ತೆ ಸಾಲಾಯಿತು. ಯಾರೋ ಅಕ್ಕನಿಗೆ ಒಂದು ಸ್ಟೂಲು ಕೊಟ್ಟರು, ಮುಂದೆ ಹೋಗಿ ಎಂದೂ ಹೇಳಿದರು. ಅವಳು ಮುಂದೆ ಬರಲಿಲ್ಲ. ಸಾಲು ಸರಿದಂತೆ ಸ್ಟೂಲನ್ನೂ ಸರಿಸಿಕೊಂಡು ತನ್ನ ಸರದಿಗೇ ಬಂದಳು.

ಫಾರಂ ಒಳಗೆ ತಳ್ಳಿ, "ಎಷ್ಟು ಕೊಡ್ತೀರ ಮೇಡಂ?" ಎಂದಳು.

ಎಲ್ಲರಿಗೂ ಹೇಳಿದ್ದನ್ನೇ ಹೇಳಿದೆ. ಎಣಿಸಿ ಕೊಟ್ಟೆ. ಅವಳೂ ಎಣಿಸಿಕೊಂಡಳು, ಹುಟ್ಟಿದಾಗಿನಿಂದ ನಾನು ಕೊಟ್ಟದ್ದನ್ನು ಅವಳು ಎಣಿಸಿಕೊಂಡದ್ದು ಅದೇ ಮೊದಲು.

ಸಂಜೆ ಕಟ್ಟಡದ ಕೆಳಗೆ ಮೊದಲ ಮೆಟ್ಟಿಲ ಮೇಲೆ ಅಕ್ಕ ಕೂತಿದ್ದಳು. ಮಧ್ಯಾಹ್ನದಿಂದ ಹತ್ತಲಾಗದೆ ಅಲ್ಲೇ ಇದ್ದಳಂತೆ, ನೆಲಮಹಡಿಯವರು ನೀರು ಕೊಟ್ಟರಂತೆ. ಮನೆ ಮಾರುವವರಿಗೆ ಫೋನ್ ಮಾಡಿ ಮನೆ ಬೇಡವೆಂದು ಹೇಳಿಯಾಗಿತ್ತು, ಮುಂಗಡ ವಾಪಸ್ ಬರುವುದಿಲ್ಲ. ಇಷ್ಟನ್ನೂ ಅವಳು ನನ್ನ ಮುಖ ನೋಡದೆ ಹೇಳಿದಳು.

"ಗೊತ್ತಿತ್ತಲ್ವಾ ನಿಂಗೆ, ಅವತ್ತು?"

"ಗೊತ್ತಿತ್ತು."

"ಹೇಳಿದ್ರೆ ನಾನು ತೆಗೀತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ಅವಳು ತಲೆಯಾಡಿಸಿದಳು. ಒಪ್ಪಿದ್ದಕ್ಕೋ ಸುಸ್ತಾದದ್ದಕ್ಕೋ ತಿಳಿಯಲಿಲ್ಲ. ಏಳಲು ನೋಡಿದಾಗ ನಾನು ಕೈ ಚಾಚಿದೆ. ಅಕ್ಕ ಕಂಬಿ ಹಿಡಿದುಕೊಂಡು ಎದ್ದಳು, ಕಂಬಿ ಹಿಡಿದುಕೊಂಡೇ ಹತ್ತತೊಡಗಿದಳು. ನಾನು ಒಂದು ಮೆಟ್ಟಿಲು ಹಿಂದೆ ಹತ್ತಿದೆ, ಚಾಚಿದ ಕೈಯನ್ನು ಎಲ್ಲಿಡಬೇಕೆಂದು ಗೊತ್ತಾಗದೆ.