ಹೆಸರಿಲ್ಲದ ಇಮ್ತಿಹಾನಿಗೆ ಅಕ್ಕಡಿ ಬಿತ್ತನೆ

ಲಿಂಗಸುಗೂರಿನ ಕಚೇರಿಯಲ್ಲಿ ನೌಕರಿಗೆ ಇಮ್ತಿಹಾನ್, ಅಂದರೆ ಪರೀಕ್ಷೆ, ಇದೆಯೆಂದು ಕಿವಿಗೆ ಬಿದ್ದದ್ದೇ ತಡ, ಪಾಮನಕಲ್ಲೂರಿನ ಯಂಕೋಬ ಮುಂದಿನ ಮಾತು ಕೇಳದೆ ಮಸ್ಕಿಗೆ ಓಡಿಬಂದು, ಓದು ಕಲಿಸಿದ ಹಸನ್‌ಸಾಬರ ಕಟ್ಟೆ ಹತ್ತಿದ.

"ಉಸ್ತಾದ್, ಹೆಂಗ ಓದ್ಲಿ ಹೇಳ್ರಿ!"

"ಯಾವ ಇಮ್ತಿಹಾನಲೇ? ಎಂದೈತಿ? ಏನ್ ಕೇಳ್ತಾರ?"

"ಗೊತ್ತಿಲ್ರಿ."

"ಲಗ್ನ ಅಂತ ಕುಣಿದಿ, ಹೆಣ್ಣು ಯಾರಂತ ಕೇಳ್ಲಿಲ್ಲ!"

ಯಂಕೋಬನ ಮುಖ ಬಾಡಿತು. ಇಂಥದೊಂದು ನೌಕರಿಗಾಗಿ ಅವನು ಮೂರು ವರ್ಷದಿಂದ ಕಾಯುತ್ತಿದ್ದ.

ಹಸನ್‌ಸಾಬರು ನಕ್ಕರು. "ನಿಮ್ಮಪ್ಪ ಮಳಿ ಕೇಳಿ ಬಿತ್ತಿದ್ನೇನು? ಜ್ವಾಳದ ಸಾಲಿನ ನಡುವ ತೊಗರಿ ಅಕ್ಕಡಿ ಹಾಕ್ತಿದ್ದ. ಯಾವ ಮಳಿ ಬಂದ್ರೂ ಒಂದು ಬೆಳಿ ಕೈಗೆ ಹತ್ತತಿತ್ತು. ಕಚೇರಿ ಕೆಲಸೆಲ್ಲ ಉರ್ದುದಾಗ; ಯಾವ ಇಮ್ತಿಹಾನಾದ್ರೂ ಉರ್ದು, ಲೆಕ್ಕ ಬಿಡೂದಿಲ್ಲ. ಮುಂಜಾನೆ ಉರ್ದು, ಸಂಜಿಗೆ ಲೆಕ್ಕ, ಜುಮ್ಮಾ ಶುಕ್ರವಾರಕ್ಕೊಮ್ಮೆ ನಾ ಕೇಳ್ತೀನಿ. ನಾಳೆ ಲಿಂಗಸುಗೂರಿಗೆ ಹೋಗಿ ಹೆಸರು, ದಿನ, ಪಾಠ ಎಲ್ಲಾ ಕೇಳ್ಕೊಂಡು ಬಾ. ಆಮ್ಯಾಲೆ ಯಾವುದಕ್ಕೆ ಎಷ್ಟು ದಿನ ಅಂತ ಹಂಚೂಣು. ಈಗೊಂದು ಉರ್ದು ಅರ್ಜಿ ಬರಿ, ನೆಲದ ಹದ ನೋಡ್ತೀನಿ."

ಯಂಕೋಬ ದೇವರನ್ನು ನೆನೆದು ಬರೆದುಕೊಟ್ಟ. ಉಸ್ತಾದರು ಹನ್ನೊಂದು ತಪ್ಪುಗಳ ಸುತ್ತ ಗೆರೆ ಎಳೆದರು.

"ಹನ್ನೊಂದಾ!" ಯಂಕೋಬ ಹಿಗ್ಗಿದ. ಆ ಇಮ್ತಿಹಾನಿನ ವಿಷಯದಲ್ಲಿ ಅವನಿಗೆ ಖಚಿತವಾಗಿ ತಿಳಿದ ಮೊದಲ ಸಂಗತಿ ಅದು.