ತಣ್ಣಗಿದ್ದಾಗ ಸೊನ್ನೆ

ಭಾರತೀನಗರದ ಆಚೆಯ ಆ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿಗೆ ನೀರು ತಳ್ಳುವ ಪಂಪು ಒಂದೇ ಉಳಿದಿತ್ತು. ಇನ್ನೊಂದನ್ನು ರಿಪೇರಿಗೆ ಬಿಚ್ಚಿಟ್ಟಿದ್ದರು. ಉಳಿದದ್ದರ ಮೋಟಾರನ್ನು ನಯಾಜ್ ಪಾಷಾ ಹಿಂದಿನ ಪಾಳಿಯಲ್ಲಿ ಕೂರಿಸಿ ಮನೆಗೆ ಹೋಗಿದ್ದ. ಮುಂದಿನ ಪಾಳಿಯ ಫಿಟ್ಟರ್ ಸ್ವರೂಪನಿಗೆ ಅದನ್ನು ಚಾಲೂ ಮಾಡುವುದಷ್ಟೇ ಕೆಲಸ. ಸುಮ್ಮನಿರಲಾರದೆ, ಎರಡರ ಶಾಫ್ಟೂ ಒಂದೇ ನೇರಕ್ಕಿವೆಯೇ ಎಂದು ಅಳತೆಮುಳ್ಳಿನ ಡಯಲ್ ಗೇಜ್ ಕಟ್ಟಿ ತಿರುಗಿಸಿ ನೋಡಿದ.

ಮೋಟಾರಿನ ಶಾಫ್ಟು ಪಂಪಿನದಕ್ಕಿಂತ ಒಂದು ಪೋಸ್ಟ್‌ಕಾರ್ಡಿನ ದಪ್ಪದಷ್ಟು ಮೇಲಿತ್ತು.

ಅವನಿಗೆ ಒಳಗೊಳಗೇ ಖುಷಿಯಾಯಿತು. ಅಲ್ಲಿದ್ದ ಹತ್ತು ಜನರನ್ನೂ ನಗಿಸಿದ. “ನೋಡ್ರಲಾ, ನಮ್ ಪಾಷಣ್ಣಂಗೆ ಕಣ್ಣು ಮಂಜಾಗೈತೆ. ಇವರನ್ನ ಗುರುಗಳು ಅಂತೀರಿ.”

ಮೋಟಾರಿನ ಪಾದಗಳಡಿಯ ತೆಳು ತಗಡುಗಳನ್ನು ತೆಗೆದು, ಮುಳ್ಳನ್ನು ಸೊನ್ನೆಗೆ ತಂದು, ಮೀಸೆ ತಿರುವಿಕೊಂಡೇ ಪಂಪು ಹೊರಡಿಸಿದ.

ಕುದಿನೀರು ಹರಿಯತೊಡಗಿ ಪಂಪಿನ ಮೈ ಕಾದಂತೆ ನಡುಕ ಹತ್ತಿತು. ಬೇರಿಂಗು ಮುಟ್ಟಲಾಗದಷ್ಟು ಸುಟ್ಟಿತು. ಪಂಪು ನಿಂತಿತು, ಬಾಯ್ಲರು ನಿಂತಿತು, ಕಬ್ಬು ಅರೆಯುವುದೂ ನಿಂತಿತು. ಎಂಜಿನಿಯರ್ ನಯನ ಮದ್ದೂರಿನ ಮನೆಯಿಂದ ಪಾಷಾನನ್ನು ಕರೆಸಿದಳು.

ಪಾಷಾ ಬಂದವನೇ ಮೋಟಾರಿನ ಒಂದು ಪಾದದ ಮೇಲೆ ಗೇಜ್ ಇಟ್ಟು ಬೋಲ್ಟ್ ಸಡಿಲಿಸಿದ. ಪಾದ ಮೇಲೆದ್ದಿತು, ಮುಳ್ಳು ಓಡಿತು. ಆ ಪಾದದಡಿ ತಗಡು ಸಾಲದೆ ಅದು ನೆಲೆಗೆ ಕೂತೇ ಇರಲಿಲ್ಲ. ಬೋಲ್ಟು ಬಲವಂತಕ್ಕೆ ಎಳೆದು ಮೋಟಾರನ್ನೇ ತಿರುಚಿ ಹಿಡಿದಿತ್ತು.

“ಪಾಷಾ ಅವರೇ, ಪಾದಾನೂ ನೋಡ್ಲಿಲ್ವಾ ನೀವು?” ನಯನಳ ದನಿ ಬಿರುಸಾಗಿತ್ತು. “ಕೂರಿಸಿದ್ದು ನೀವೇ ತಾನೆ? ಹಿಂಗಾದ್ರೆ ಈ ಸೀಸನ್ ನಿಮ್ಮನ್ನ ಇಟ್ಕೊಳ್ಳೋದು ಹೆಂಗೆ?”

ಪಾಷಾ ತಗಡುಗಳನ್ನು ಎಣಿಸಿದ; ತಾನು ಇಟ್ಟಿದ್ದಕ್ಕಿಂತ ಕಡಿಮೆ ಇದ್ದವು. ಆಮೇಲೆ ತಲೆಯೆತ್ತಿ ಸ್ವರೂಪನನ್ನೇ ನೋಡಿದ.

ಬೆಳಿಗ್ಗೆ ನಕ್ಕಿದ್ದ ಹತ್ತೂ ಜನ ಅಲ್ಲೇ ಇದ್ದರು. ಭೂಮಿ ಬಾಯಿಬಿಟ್ಟಿದ್ದರೆ ಸ್ವರೂಪ ಇಳಿದುಬಿಡುತ್ತಿದ್ದ.

“ಮೋಟಾರು ಮೇಲೈತೆ ಅಂತ ತಗಡು ತೆಗೆದಿದ್ದು ನಾನು, ಮೇಡಂ. ಪಾಷಣ್ಣ ಸರಿಯಾಗೇ ಮಾಡಿದ್ರು.”

“ಯಾಕೆ ಮೇಲಿಟ್ಟಿದ್ರಿ?” ನಯನ ಪಾಷಾನನ್ನು ಕೇಳಿದಳು, ಈಗ ಮೆತ್ತಗೆ.

“ನೀರು ಕುದೀತದಲ್ಲ ಮೇಡಂ, ಕಾದ್ರೆ ಪಂಪು ಎದ್ದು ಬತ್ತದೆ. ಮೋಟಾರು ಅಷ್ಟು ಏಳಾಕಿಲ್ಲ. ತಣ್ಣಗಿದ್ದಾಗ ಸೊನ್ನೆ ಇಟ್ರೆ ಓಡುವಾಗ ಸೊನ್ನೆ ಇರಾಕಿಲ್ಲ.”

ಸ್ವರೂಪನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು.

ಪಂಪು ಆರುವ ತನಕ ಹೊಸದಾಗಿ ಅಳೆಯುವಂತಿರಲಿಲ್ಲ. ನಯನ ಕಬ್ಬಿನ ರೈತರಿಗೆ ಸಮಾಧಾನ ಹೇಳಲು ಗೇಟಿಗೆ ಹೋದಳು, ಉಳಿದವರೂ ಚದುರಿದರು. ಕಾಯುವುದಕ್ಕೆ ಉಳಿದವರು ಇಬ್ಬರೇ.

“ಒಂದ್ ಫೋನ್ ಮಾಡಿ ಕೇಳಬೌದಿತ್ತಲ್ಲಾ, ಸ್ವರೂಪ?” ಪಾಷಾ ಕೇಳಿದ.

ಮರೆತಿದ್ದೆ ಅನ್ನಬಹುದಿತ್ತು. ಆತುರದಲ್ಲಿದ್ದೆ ಅಂದಿದ್ದರೂ ಪಾಷಾ ನಂಬುತ್ತಿದ್ದ. ಸ್ವರೂಪ ತಲೆ ತಗ್ಗಿಸಿದ.

“ಮುಳ್ಳು ಸರಿದಿದ್ದು ನೋಡಿ ಕುಸಿಯಾಯ್ತು, ಪಾಷಣ್ಣ. ನೀವು ತಪ್ಪು ಮಾಡಿರ್ಲಿ ಅಂತಿತ್ತು ನಂಗೆ. ಅದುಕ್ಕೆ ಕೇಳ್ಲಿಲ್ಲ.”

ಪಾಷಾ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಎದ್ದು ಪಂಪಿನ ಆ ಬದಿಗೆ ಹೋಗಿ ಕೂತ. ಪಂಪು ಇನ್ನೂ ಕೈ ಇಡುವ ಹಾಗಿರಲಿಲ್ಲ.